ಟಿಕ್-ಟ್ಯಾಕ್-ಟೋ: ಮಕ್ಕಳಿಗೆ ಕವಲು ಕಲಿಸಿದ ನನ್ನ ಅನುಭವ

ಗದಗದಲ್ಲಿ ಬೇಸಿಗೆ ರಜೆಯ ದಿನಗಳಲ್ಲಿ ನಮ್ಮ ಓಣಿಯ ಮಕ್ಕಳಿಗೆ ಗಣಿತದ ಆಟಗಳನ್ನು ಹೇಳಿಕೊಡುವಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಟಿಕ್-ಟ್ಯಾಕ್-ಟೋ ಆಟವನ್ನು. ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಂಬತ್ತು ಮನೆಗಳನ್ನು ಬರೆದು, ಮೇಲಿನ ಸಾಲಿಗೆ 1, 2, 3, ನಡುವಿನ ಸಾಲಿಗೆ 4, 5, 6, ಕೆಳಗಿನ ಸಾಲಿಗೆ 7, 8, 9 ಎಂದು ಸಂಖ್ಯೆ ಕೊಡುತ್ತೇನೆ. ಗೆಲ್ಲುವ ಗೆರೆಗಳು ಒಟ್ಟು 8. ಅವುಗಳಲ್ಲಿ ನಡುಮನೆಯಾದ 5ರ ಮೂಲಕ 4, ಪ್ರತಿ ಮೂಲೆಮನೆಯ ಮೂಲಕ 3, ಪ್ರತಿ ಬದಿಮನೆಯ ಮೂಲಕ 2 ಹಾದುಹೋಗುತ್ತವೆ ಎಂಬುದನ್ನು ಮಕ್ಕಳೇ ಬೆರಳಿಟ್ಟು ಎಣಿಸುತ್ತಾರೆ.

ಎದುರಾಳಿಯ ಎರಡು ಗುರುತು ಒಂದೇ ಗೆರೆಯಲ್ಲಿ ಕೂಡಿದರೆ ಮೂರನೆಯ ಮನೆಯನ್ನು ತಡೆಯಬೇಕೆಂಬುದು ಎಂಟು ವರ್ಷದ ಮಗುವಿಗೂ ತಾನಾಗಿ ತಿಳಿಯುತ್ತದೆ. ತಡೆದರೂ ಏಕೆ ಸೋಲುತ್ತೇವೆ ಎಂಬುದು ಮಾತ್ರ ತಿಳಿಯುವುದಿಲ್ಲ. "ಟೀಚರ್, ಒಂದ ಮನಿ ತಡದ್ರ ಇನ್ನೊಂದ ಉಳೀತೈತ್ರಿ" ಎಂದು ಒಬ್ಬ ಹುಡುಗಿ ಹೇಳಿದ್ದೇ ಕವಲಿನ ಸರಿಯಾದ ವಿವರಣೆ. ಒಂದೇ ನಡೆಯಿಂದ ಎರಡು ಗೆರೆಗಳಲ್ಲಿ ಒಟ್ಟಿಗೆ ಗೆಲುವಿನ ಬೆದರಿಕೆ ಹುಟ್ಟಿದರೆ ಅದು ಕವಲು. ಅದು ಹುಟ್ಟಿದ ಮೇಲೆ ತಡೆಯಲಾಗದು. ಆದ್ದರಿಂದ ಹುಟ್ಟುವ ಮೊದಲೇ ಕವಲುಮನೆಯನ್ನು ಗುರುತಿಸಬೇಕು. ಎದುರಾಳಿಯ ಒಂದೊಂದೇ ಗುರುತು ಇದ್ದು, ಉಳಿದ ಮನೆಗಳು ಖಾಲಿಯಿರುವ ಎರಡು ಗೆರೆಗಳು ಸೇರುವ ಖಾಲಿ ಮನೆಯೇ ಕವಲುಮನೆ.

ಇದನ್ನು ಕಲಿಸಲು ನಾನು ಬಳಸುವ ಆಟ ಒಂದೇ. ಮೊದಲಿಗನು ಗುಣಾಕಾರವನ್ನು 1ರಲ್ಲಿ ಇಡುತ್ತಾನೆ, ಎರಡನೆಯವನು ಸೊನ್ನೆಯನ್ನು 5ರಲ್ಲಿ ಇಡುತ್ತಾನೆ, ಮೊದಲಿಗನು ಎದುರಿನ ಮೂಲೆಯಾದ 9ನ್ನು ಹಿಡಿಯುತ್ತಾನೆ. ಈಗ 3 ಮತ್ತು 7 ಎರಡೂ ಕವಲುಮನೆಗಳು. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಹೆಚ್ಚಿನ ಮಕ್ಕಳು 3ನ್ನು ಮುಚ್ಚುತ್ತಾರೆ. ಅದರಿಂದ 3-5-7 ಗೆರೆಯಲ್ಲಿ ತಾವೂ ಬೆದರಿಸಿದೆವೆಂದು ಹಿಗ್ಗುತ್ತಾರೆ. ಆದರೆ ಮೊದಲಿಗನು ಅದನ್ನು ತಡೆಯಲು ಇಡಬೇಕಾದ ಮನೆ 7, ಅದೇ ಅವನ ಕವಲುಮನೆ. ತಡೆಯುತ್ತಲೇ ಅವನು 4 ಮತ್ತು 8 ಎರಡರಲ್ಲೂ ಗೆಲುವನ್ನು ತೆರೆದುಕೊಳ್ಳುತ್ತಾನೆ. ಆದ್ದರಿಂದ ಸೊನ್ನೆಯನ್ನು ಬದಿಮನೆಯಲ್ಲಿ, ಉದಾಹರಣೆಗೆ 2ರಲ್ಲಿ, ಇಡಬೇಕು. ಆಗ ಮೊದಲಿಗನು 8ನ್ನು ತಡೆಯಲೇಬೇಕು. ಅದರಿಂದ ಸೊನ್ನೆ 7ನ್ನು, ಗುಣಾಕಾರ 3ನ್ನು, ಸೊನ್ನೆ 6ನ್ನು, ಗುಣಾಕಾರ 4ನ್ನು ಒಂದರ ಹಿಂದೊಂದು ತಡೆಯುತ್ತಾ ಹೋಗಿ ಆಟ ಸಮವಾಗುತ್ತದೆ.

ಇದರಿಂದ ನಾನು ಮಕ್ಕಳಿಗೆ ಕೊಡುವ ನಿಯಮ ಇದು: ಬೆದರಿಸುವ ಮೊದಲು ಎದುರಾಳಿ ತಡೆಯಲು ಎಲ್ಲಿ ಇಡುತ್ತಾನೆಂದು ನೋಡು, ಅದು ಅವನ ಕವಲುಮನೆಯಾಗಿದ್ದರೆ ಬೆದರಿಸಬೇಡ. "ಬದಿಯಲ್ಲಿ ಇಡು" ಎಂದು ಬಾಯಿಪಾಠ ಮಾಡಿಸಿದರೆ ಉಪಯೋಗವಿಲ್ಲ. ಏಕೆಂದರೆ ಗುಣಾಕಾರ 5ರಲ್ಲೂ ಸೊನ್ನೆ 1ರಲ್ಲೂ ಇದ್ದು, ಗುಣಾಕಾರ 9ಕ್ಕೆ ಬಂದಾಗ ಬದಿಯ 2ರಲ್ಲಿ ಇಟ್ಟವನು ಸೋಲುತ್ತಾನೆ. ಅಲ್ಲಿ ಎದುರಾಳಿ ತಡೆಯುವ 3ನೆಯ ಮನೆಯೇ ಕವಲುಮನೆ. ಅದೇ ಸೊನ್ನೆಯನ್ನು 3ರಲ್ಲಿ ಇಟ್ಟರೆ ಅವನು 2ರಲ್ಲಿ ತಡೆಯಬೇಕಾಗುತ್ತದೆ, ಅಲ್ಲಿ ಕವಲು ಇಲ್ಲ.

ಇಬ್ಬರೂ ತಪ್ಪದೆ ಆಡಿದರೆ ಸಮವೇ ಏಕೆ ಎಂದು ದೊಡ್ಡ ಮಕ್ಕಳು ಕೇಳುತ್ತಾರೆ. ಎರಡನೆಯವನಿಗೆ ಖಚಿತ ಗೆಲುವಿನ ತಂತ್ರ ಇರಲಾರದು. ಇದ್ದಿದ್ದರೆ ಮೊದಲಿಗನು ಎಲ್ಲಾದರೂ ಒಂದು ಗುರುತು ಇಟ್ಟು, ನಂತರ ತಾನೇ ಎರಡನೆಯವನಂತೆ ಅದೇ ತಂತ್ರದಿಂದ ಆಡಬಹುದಿತ್ತು. ತನ್ನ ಹೆಚ್ಚಿನ ಗುರುತು ಈ ಆಟದಲ್ಲಿ ಯಾರಿಗೂ ತೊಡಕಾಗುವುದಿಲ್ಲ. ಇನ್ನು ಮೊದಲಿಗನನ್ನು ತಡೆಯಲು ಎರಡನೆಯವನಿಗೆ ಸದಾ ದಾರಿ ಇದೆ ಎಂಬುದನ್ನು ಬಿಡಿಸಿ ತೋರಿಸಬೇಕು. ಹಲಗೆಯನ್ನು ತಿರುಗಿಸಿ ನೋಡಿದರೆ ಮೊದಲ ನಡೆಗಳು ಮೂರೇ ಬಗೆ: ನಡು, ಮೂಲೆ, ಬದಿ. ನಡುವಿಗೆ ಮೂಲೆಯಿಂದ, ಉಳಿದೆರಡಕ್ಕೂ ನಡುವಿನಿಂದ ಉತ್ತರಿಸಬೇಕು. ಮೂಲೆಯಾಟವನ್ನೇ ನೋಡೋಣ. 1 ಮತ್ತು 5ರ ನಂತರ ಮೊದಲಿಗನ ನಡೆಗಳು ಕನ್ನಡಿ ಬಿಂಬಗಳನ್ನು ಬಿಟ್ಟರೆ 2, 3, 6, 9 ಎಂಬ ನಾಲ್ಕೇ. 2 ಮತ್ತು 3ರಲ್ಲಿ ತಡೆಯುವುದು ಕಡ್ಡಾಯ, 6ಕ್ಕೆ ಒಂದೇ ಕವಲುಮನೆಯಾದ 3ರಲ್ಲಿ ಕೂರಬೇಕು, 9ಕ್ಕೆ ಮೇಲೆ ಹೇಳಿದ ಬದಿಮನೆ. ನಂತರ ಬರುವ ಬೆದರಿಕೆಗಳನ್ನು ತಡೆಯುತ್ತಾ, ಕವಲುಮನೆಗಳ ಮೇಲೆ ಕಣ್ಣಿಟ್ಟು ಆಡಿದರೆ ನಾಲ್ಕೂ ಸಮದಲ್ಲಿ ಮುಗಿಯುತ್ತವೆ. ಮಕ್ಕಳು ಇದನ್ನು ಒಂದು ಹಾಳೆಯಲ್ಲಿ ತಾವೇ ಬರೆದು ನೋಡುತ್ತಾರೆ, ಬದಿಯಾಟವನ್ನೂ ನಡುವಿನ ಆಟವನ್ನೂ ಹೀಗೆಯೇ ಬಿಡಿಸುತ್ತಾರೆ.

ಸಮವೆಂದು ತಿಳಿದ ಮೇಲೂ ಮೊದಲು ಆಡುವ ಮಗುವಿಗೆ ಮೂಲೆಯನ್ನೇ ಹಿಡಿಯಲು ಹೇಳುತ್ತೇನೆ. ನಡುವಿನಿಂದಾಗಲಿ ಬದಿಯಿಂದಾಗಲಿ ಆರಂಭಿಸಿದರೆ ಎದುರಾಳಿಗೆ ಸೋಲಿಸದ ಉತ್ತರಗಳು ಎಂಟರಲ್ಲಿ ನಾಲ್ಕಿವೆ. ಮೂಲೆಗೆ ಉಳಿಯುವುದು ನಡುಮನೆಯೊಂದೇ. ಅವನು 2ರಲ್ಲಿ ಇಟ್ಟರೆ ನಾವು 5ನ್ನು ಹಿಡಿದು, ಅವನು 9ನ್ನು ತಡೆದ ಕೂಡಲೇ 4ರಲ್ಲಿ ಇಟ್ಟು, 6 ಮತ್ತು 7ರಲ್ಲಿ ಕವಲು ತೆರೆಯಬಹುದು.