ಸಹೋದ್ಯೋಗಿ ಕೊಟ್ಟ ತಪ್ಪು ಡೋಸ್: ನರ್ಸ್ ಇಂಟರ್‌ವ್ಯೂನಲ್ಲಿ ಹೇಗೆ ಉತ್ತರಿಸಬೇಕು?

ಸ್ಟಾಫ್ ನರ್ಸ್ ಕೆಲಸದ ಇಂಟರ್‌ವ್ಯೂನಲ್ಲಿ ಇಂಥ ಪ್ರಶ್ನೆ ಕೇಳುತ್ತಾರೆ: "ನೈಟ್ ಡ್ಯೂಟಿಯಲ್ಲಿ ನಿಮ್ಮ ಜೊತೆಗಿದ್ದವರು 6 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಕೊಡುವ ಕಡೆ 16 ಯೂನಿಟ್ ಕೊಟ್ಟಿದ್ದಾರೆ. 'ಪೇಷೆಂಟ್ ಆರಾಮಾಗಿದ್ದಾರೆ, ಯಾರಿಗೂ ಹೇಳಬೇಡ' ಅಂತಾರೆ. ಏನು ಮಾಡ್ತೀರಿ?"

"ನಾನು ಸುಳ್ಳಿಗೆ ಒಪ್ಪಲ್ಲ, ಮೇಲಿನವರಿಗೆ ಹೇಳ್ತೀನಿ" ಎಂದು ಶುರುಮಾಡುವವರೇ ಜಾಸ್ತಿ. ತಪ್ಪೇನಿಲ್ಲ, ಆದರೆ ಆ ಉತ್ತರದಲ್ಲಿ ರೋಗಿಯೇ ಇಲ್ಲ. ನಿಮ್ಮ ಮೊದಲ ವಾಕ್ಯ ರೋಗಿಯ ಹಾಸಿಗೆಯ ಹತ್ತಿರ ಇರಬೇಕು.

ಮೊದಲ ಹೆಜ್ಜೆ ಅದೇ. ರೋಗಿಯ ಬಳಿ ಹೋಗಿ ಶುಗರ್ ಚೆಕ್ ಮಾಡುತ್ತೇನೆ, ಬೆವರು, ನಡುಕ, ಮಂಪರು ಇದೆಯಾ ನೋಡುತ್ತೇನೆ, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಎಷ್ಟು ಯೂನಿಟ್, ಎಷ್ಟು ಗಂಟೆಗೆ ಹೋಯಿತು ಎಂದು ಹೇಳುತ್ತೇನೆ ಅನ್ನಿ. ಇಲ್ಲೇ ಕಾರಣವನ್ನೂ ಸೇರಿಸಿ. ಚರ್ಮದಡಿ ಕೊಟ್ಟ ರೆಗ್ಯುಲರ್ ಇನ್ಸುಲಿನ್ ಜೋರಾಗಿ ಕೆಲಸ ಮಾಡುವುದು ಸುಮಾರು 2ರಿಂದ 4 ಗಂಟೆಯ ನಂತರ. ಈಗ ಆರಾಮಾಗಿರುವವರು ಬೆಳಗಿನ ಜಾವ ಪ್ರಜ್ಞೆ ತಪ್ಪಬಹುದು. ಮುಚ್ಚಿಟ್ಟರೆ ಆಗ ಬರುವ ಡಾಕ್ಟರಿಗೆ ಕಾರಣವೇ ಗೊತ್ತಿರುವುದಿಲ್ಲ. ನೀವು ಯಾಕೆ ಮುಚ್ಚಿಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ.

ಆಮೇಲೆ ಸಹೋದ್ಯೋಗಿ. ಅವರೂ ಹೆದರಿರುತ್ತಾರೆ. "ನೀವೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ, ನಾನು ಜೊತೆಗೆ ಬರ್ತೀನಿ. ನೀವು ಹೇಳದಿದ್ದರೆ ನಾನು ಹೇಳಲೇಬೇಕಾಗುತ್ತೆ" ಎಂದು ನೇರವಾಗಿ ಹೇಳುತ್ತೇನೆ ಅನ್ನಿ. "ಇನ್ನೊಮ್ಮೆ ಹೀಗೆ ಮಾಡಬೇಡಿ ಅಂತ ಬುದ್ಧಿ ಹೇಳಿ ಬಿಡ್ತೀನಿ" ಎನ್ನುವ ಉತ್ತರ ಕರುಣೆಯಂತೆ ಕಂಡರೂ, ಅದು ಮುಚ್ಚಿಟ್ಟಂತೆಯೇ.

ಮೂರನೆಯದು ದಾಖಲೆ. ಚಾರ್ಟಿನಲ್ಲಿ ನಿಜವಾಗಿ ಕೊಟ್ಟ ಡೋಸ್ ಮತ್ತು ಸಮಯ ಇರಬೇಕು. ಅಳಿಸುವುದು, ವೈಟ್ನರ್ ಹಚ್ಚುವುದು ಬೇಡ. ಇನ್ಸಿಡೆಂಟ್ ರಿಪೋರ್ಟಿನಲ್ಲಿ ನಡೆದದ್ದಷ್ಟೇ ಬರೆಯಬೇಕು. "ಅಜಾಗರೂಕತೆಯಿಂದ" ಎಂಬಂಥ ತೀರ್ಪು ನಮ್ಮ ಕೆಲಸವಲ್ಲ. ಎನ್‌ಎಬಿಎಚ್ ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಔಷಧದ ತಪ್ಪುಗಳನ್ನು ವರದಿ ಮಾಡಿ, ಕಾರಣ ಹುಡುಕಬೇಕೆಂಬ ನಿಯಮವೇ ಇದೆ. 6 ಎಂಬುದು 16 ಆಗಿದ್ದು ಗೀಚಿದ ಕೈಬರಹದಿಂದಲೋ, ಇನ್ನೊಬ್ಬರಿಂದ ಡೋಸ್ ಚೆಕ್ ಮಾಡಿಸದೇ ಇದ್ದುದರಿಂದಲೋ ಎಂದು ಗೊತ್ತಾಗುವುದು ಆಗಲೇ.

ಇಷ್ಟು ಹೇಳಿದ ಮೇಲೆ ಎದುರಿನವರು ಒತ್ತಿ ನೋಡುತ್ತಾರೆ: "ಅವರು ನಿಮ್ಮ ಸೀನಿಯರ್ ಆದ್ರೆ? ರೋಗಿಗೆ ಏನೂ ಆಗದಿದ್ರೆ?" ಉತ್ತರ ಬದಲಾಯಿಸಬೇಡಿ. ಸೀನಿಯರ್ ಆದರೆ ಮಾತಿನ ಧಾಟಿ ಬದಲಾಗುತ್ತದೆ, ಹೆಜ್ಜೆಗಳಲ್ಲ. ರೋಗಿಗೆ ಏನೂ ಆಗದಿದ್ದರೂ ರಿಪೋರ್ಟ್ ಬೇಕು. ಅದೇ ವಾರ್ಡಿನಲ್ಲಿ ಅದೇ ತಪ್ಪು ಇನ್ನೊಬ್ಬರಿಗೆ ಆಗಬಹುದು, ಅಲ್ವಾ?

"ನಿಮಗೆ ಹೀಗೆ ಆಗಿತ್ತಾ?" ಎಂದು ಕೇಳಿದರೆ ಆದದ್ದನ್ನು ಹೇಳಿ. ಹಳೆಯ ಆಸ್ಪತ್ರೆ, ಸಹೋದ್ಯೋಗಿ, ರೋಗಿ ಯಾರ ಹೆಸರೂ ಬಾಯಿಗೆ ಬರಬಾರದು.