ಒಂದು ಸಾಲು, ಆರು ತುಣುಕು: ಹಾಡಿದ ಮಾತನ್ನು ಕತ್ತರಿಸಿ ಹುಕ್ ಮಾಡುವುದು ಹೇಗೆ

ಹಾಡಿದ ಸಾಲನ್ನು ತುಂಡು ಮಾಡಿ ಬೀಟ್‌ಗೆ ಕೂರಿಸುವಾಗ ಹೆಚ್ಚಿನವರು ಸೋಲುವುದು ಕತ್ತರಿ ಎಲ್ಲಿ ಬೀಳಬೇಕು ಎಂಬಲ್ಲಿ. ಇಲ್ಲಿ ಏಬಲ್ಟನ್ ಲೈವ್‌ನ Simpler ಬಳಸಿ ‘ನೀ ಬಂದರೆ ಸಾಕು’ ಎಂಬ ಮಾತಿನಿಂದ ಒಂದು ಹುಕ್ ಕಟ್ಟೋಣ. ಸಾಲನ್ನು ನೀವೇ ಹಾಡಿ ರೆಕಾರ್ಡ್ ಮಾಡಿಕೊಳ್ಳಿ. ಬೇರೆಯವರ ಹಾಡಿನಿಂದ ಎರಡೇ ಪದ ತೆಗೆದರೂ ರೆಕಾರ್ಡಿಂಗ್‌ನ ಹಕ್ಕು, ರಚನೆಯ ಹಕ್ಕು ಎರಡಕ್ಕೂ ಅನುಮತಿ ಕೇಳಬೇಕಾಗುತ್ತದೆ.

ಪ್ರಾಜೆಕ್ಟ್ ವೇಗವನ್ನು 100 ಬಿಪಿಎಂಗೆ ಇಡಿ. ಆಗ ಹದಿನಾರನೇ ಒಂದು ಭಾಗ, ಅಂದರೆ ಗ್ರಿಡ್‌ನ ಒಂದು ಮನೆ, 150 ಮಿಲಿಸೆಕೆಂಡ್ ಆಗುತ್ತದೆ. ಈ ಅಂಕಿ ಮುಂದೆ ಬೇಕಾಗುತ್ತದೆ. ಮೈಕಿನಿಂದ ಒಂದು ಗೇಣು ದೂರ ನಿಂತು, ಹೆಡ್‌ಫೋನಿನಲ್ಲಿ ಮೆಟ್ರೊನೋಮ್ ಕೇಳುತ್ತಾ, ಇಡೀ ಸಾಲನ್ನು ಒಂದೇ ಸ್ವರದಲ್ಲಿ ಹಾಡಿ. ರಿವರ್ಬ್ ಬೇಡ. ರಿವರ್ಬ್ ಸೇರಿದ ದನಿಯನ್ನು ಕತ್ತರಿಸಿದರೆ ಹಿಂದಿನ ಅಕ್ಷರದ ಬಾಲ ಮುಂದಿನ ತುಣುಕಿನ ತಲೆಗೆ ಅಂಟಿಕೊಂಡೇ ಬರುತ್ತದೆ.

ಆಡಿಯೊವನ್ನು ಖಾಲಿ ಮಿಡಿ ಟ್ರ್ಯಾಕ್‌ನ Simpler ಮೇಲೆ ಎಳೆದು ಬಿಡಿ. Slice ಮೋಡ್ ಆರಿಸಿ, Slice By ಎಂಬಲ್ಲಿ Manual ಇಡಿ. Transient ಇಟ್ಟರೆ ತಂತ್ರಾಂಶವೇ ಕತ್ತರಿಸುತ್ತದೆ ನಿಜ, ಆದರೆ ಅದು ಹುಡುಕುವುದು ಶಬ್ದ ಥಟ್ಟನೆ ಏರುವ ಜಾಗವನ್ನು. ‘ಬ’, ‘ಕ’ ಅದಕ್ಕೆ ಸಿಗುತ್ತವೆ. ‘ದರೆ’ಯಲ್ಲಿ ದನಿ ಎಲ್ಲೂ ನಿಲ್ಲದೆ ಹರಿಯುವುದರಿಂದ ‘ರೆ’ ತಪ್ಪಿಹೋಗುವುದೇ ಹೆಚ್ಚು. ವೇವ್‌ಫಾರ್ಮನ್ನು ಹಿಗ್ಗಿಸಿ ನೋಡುತ್ತಾ, ಪ್ರತಿ ಅಕ್ಷರದ ಮೊದಲಲ್ಲಿ ಡಬಲ್ ಕ್ಲಿಕ್ ಮಾಡಿ. ನೀ, ಬಂ, ದ, ರೆ, ಸಾ, ಕು ಎಂಬ ಆರು ತುಣುಕುಗಳು C1ರಿಂದ F1ವರೆಗಿನ ಕೀಗಳಲ್ಲಿ ಸಾಲಾಗಿ ಕೂರುತ್ತವೆ.

ಈಗ Playback ಅನ್ನು Mono ಮಾಡಿ, ಹೊಸ ತುಣುಕು ಬಂದೊಡನೆ ಹಳೆಯದು ಕಡಿದುಹೋಗಲಿ. ಹುಕ್‌ನ ಚುರುಕೆಲ್ಲ ಆ ಕಡಿತದಲ್ಲಿದೆ. Poly ಇಟ್ಟರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಗೊಜ್ಜಾಗುತ್ತವೆ. ಜೊತೆಗೆ Gate ಆರಿಸಿ. ಆಗ ನೋಟ್ ಮುಗಿದೊಡನೆ ದನಿಯೂ ನಿಲ್ಲುತ್ತದೆ.

16 ಮನೆಗಳ ಒಂದು ಬಾರ್ ತೆಗೆದುಕೊಳ್ಳಿ. 1 ಮತ್ತು 4ರಲ್ಲಿ ‘ನೀ’, 7ರಲ್ಲಿ ‘ಬಂ’, 11 ಮತ್ತು 13ರಲ್ಲಿ ‘ಸಾ’, 15ರಲ್ಲಿ ‘ಕು’ ಬರೆಯಿರಿ. ಮೊದಲ ಎರಡು ‘ನೀ’ ಒಂದೊಂದೇ ಮನೆಯಷ್ಟಿರಲಿ, ನಡುವಿನ ಖಾಲಿ ಜಾಗವೂ ತಾಳವೇ. ‘ಬಂ’ ಮಾತ್ರ ನಾಲ್ಕು ಮನೆ ಎಳೆಯಲಿ. ಕಿಕ್ 1, 5, 9, 13ರಲ್ಲಿ ಬೀಳುವಾಗ ಮೊದಲ ‘ನೀ’ ಅದರ ಜೊತೆಗೇ ಶುರುವಾಗಿ, ಎರಡನೇ ‘ನೀ’, ‘ಬಂ’ ಅದರ ಪಕ್ಕಕ್ಕೆ ಸರಿದು ಸರಿದು ಬಂದು, ಕೊನೆಗೆ ಎರಡನೇ ‘ಸಾ’ ಕಿಕ್ ಜೊತೆ ಕೂಡಿಕೊಳ್ಳುತ್ತದೆ. ‘ದ’, ‘ರೆ’ಗಳನ್ನು ಎರಡನೇ ಬಾರ್‌ಗೆ ಉಳಿಸಿಕೊಳ್ಳಿ.

ಕೇಳಿದಾಗ ‘ಸಾ’ ತಡವಾಗಿ ಬಂದಂತೆ ಅನಿಸುತ್ತದೆ. ನೋಟ್ ಗ್ರಿಡ್ ಮೇಲೇ ಇದೆ, ತಪ್ಪು ನಿಮ್ಮದಲ್ಲ. ‘ಸ್’ ಎಂಬ ಸುಯ್ಲು 100 ಮಿಲಿಸೆಕೆಂಡ್‌ನಷ್ಟು ಇರಬಲ್ಲದು, ಆದರೆ ಕಿವಿ ತಾಳ ಹಿಡಿಯುವುದು ‘ಆ’ ಶುರುವಾಗುವಲ್ಲಿ. 150ರ ಮನೆಯಲ್ಲಿ ನೂರು ಹೋದರೆ ಉಳಿದದ್ದೇನು? ‘ಸ್’ನ ಮಧ್ಯಕ್ಕೆ ಕತ್ತರಿ ಸರಿಸುವುದು ಸುಲಭದ ದಾರಿ. ಆದರೆ ಥಟ್ಟನೆ ಶುರುವಾಗುವ ‘ಸ್’ ಕಿವಿಗೆ ‘ಚಾ’ ಎಂದು ಕೇಳಿಸುತ್ತದೆ. ಅದನ್ನು ಮೆತ್ತಗಾಗಿಸಲು Fade In ಏರಿಸಿದರೆ ಅದು ಎಲ್ಲ ತುಣುಕುಗಳಿಗೂ ಹತ್ತಿ, ‘ಕು’ವಿನ ಪೆಟ್ಟು ಸತ್ತುಹೋಗುತ್ತದೆ. ಹಾಗಾಗಿ ಕತ್ತರಿಯನ್ನು ಇದ್ದಲ್ಲೇ ಬಿಟ್ಟು, ಗ್ರಿಡ್ ಆಫ್ ಮಾಡಿ, ಎರಡೂ ‘ಸಾ’ ನೋಟ್‌ಗಳನ್ನು ಎಡಕ್ಕೆ ಜರುಗಿಸುವುದೇ ವಾಸಿ. ‘ಸ್’ ಎಷ್ಟು ಉದ್ದವಿದೆ ಎಂದು ವೇವ್‌ಫಾರ್ಮಿನಲ್ಲಿ ನೋಡಿ, ಅರ್ಧ ಮನೆಯಿಂದ ಶುರು ಮಾಡಿ, ಎರಡನೇ ‘ಸಾ’ದ ‘ಆ’ ಕಿಕ್ ಮೇಲೆ ಬೀಳುವವರೆಗೆ ಸರಿಸಿ. ಇದೇ ಕಾರಣಕ್ಕೆ ‘ಸಾ’ವನ್ನು 1ನೇ ಮನೆಯಲ್ಲಿಡಬೇಡಿ: ಎಡಕ್ಕೆ ಸರಿಸಿದರೆ ಕ್ಲಿಪ್‌ನಿಂದಲೇ ಆಚೆ ಹೋಗುತ್ತದೆ.

ತುಣುಕಿನ ತಲೆಯಲ್ಲಿ ‘ಟಿಕ್’ ಎಂದರೆ ಅಲೆ ಏರಿರುವಾಗ ಕತ್ತರಿಸಿದ್ದೀರಿ. ಅಲೆ ನಡುಗೆರೆಯನ್ನು ದಾಟುವ ಹತ್ತಿರದ ಬಿಂದುವಿಗೆ ಆ ಗುರುತನ್ನು ಸರಿಸಿ. ಬಾಲದಲ್ಲಿ ‘ಟಿಕ್’ ಬಂದರೆ Fade Out ಅನ್ನು ಕೆಲವು ಮಿಲಿಸೆಕೆಂಡ್ ಏರಿಸಿದರೆ ಸಾಕು.

ಸ್ವರ ಬದಲಿಸುವಾಗ Warp ಆಫ್ ಇದ್ದರೆ Transpose ವೇಗವನ್ನೂ ಬದಲಿಸುತ್ತದೆ. 12 ಸೆಮಿಟೋನ್ ಏರಿಸಿದರೆ 300 ಮಿಲಿಸೆಕೆಂಡ್‌ನ ‘ನೀ’ 150ಕ್ಕೆ ಇಳಿಯುತ್ತದೆ, ‘ಸ್’ ಕೂಡ ಕುಗ್ಗುತ್ತದೆ, ನೀವು ಜರುಗಿಸಿದ ಲೆಕ್ಕವೆಲ್ಲ ತಪ್ಪುತ್ತದೆ. ಆದ್ದರಿಂದ ಸ್ವರವನ್ನು ಮೊದಲು ತೀರ್ಮಾನಿಸಿ, ‘ಸಾ’ವನ್ನು ಆಮೇಲೆ ಸರಿಸಿ.