ಕೇಸ್ ಸ್ಟಡಿಗೆ ಥಿಯರಿ ಬರೆದು ಅಂಕ ಕಳೆದುಕೊಂಡ ಮೇಲೆ

ಎಂಬಿಎ ಮೊದಲ ಸೆಮಿಸ್ಟರ್‌ನಲ್ಲಿ 20 ಅಂಕದ ಕೇಸ್ ಸ್ಟಡಿಗೆ ನನಗೆ ಬಂದದ್ದು 7. ಉದ್ಯೋಗಿಗಳಿಗೆ ಕೆಲಸದಲ್ಲಿ ಉತ್ಸಾಹ ಯಾವುದರಿಂದ ಬರುತ್ತದೆ ಅಂತ ಹೇಳುವ ಹರ್ಜ್‌ಬರ್ಗ್ ಥಿಯರಿಯನ್ನು ಚಿತ್ರ ಸಮೇತ ಎರಡು ಪುಟ ಬರೆದಿದ್ದೆ. ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿ ಓದಿದಾಗ ತಪ್ಪು ಕಾಣಿಸಿತು. ಕಂಪನಿಯ ಹೆಸರು ಬದಲಾಯಿಸಿದರೂ ಆ ಉತ್ತರ ಹಾಗೇ ಹೊಂದುತ್ತಿತ್ತು. ಈಗಲೂ ಬರೆದು ಮುಗಿಸಿದ ಮೇಲೆ ಹೆಸರು ಬದಲಾಯಿಸಿ ನೋಡುತ್ತೇನೆ. ಹೊಂದಿದರೆ ಕೇಸ್‌ಗೆ ಉತ್ತರ ಬರೆದಿಲ್ಲ ಅಂತಲೇ ಅರ್ಥ.

ಅದೇ ಕೇಸನ್ನು ಮನೆಯಲ್ಲಿ ಕೂತು ಮತ್ತೆ ಬರೆದೆ. ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ, 40 ಸೂಪರ್‌ವೈಸರ್‌ಗಳು. ಸಂಬಳ 2,000 ರೂಪಾಯಿ ಜಾಸ್ತಿ ಮಾಡಿ ಹೊಸ ಕ್ಯಾಂಟೀನ್ ಕಟ್ಟಿಸಿದರೂ ಆರು ತಿಂಗಳಲ್ಲಿ 12 ಜನ ಕೆಲಸ ಬಿಟ್ಟರು. ಎಂಟು ವರ್ಷದಿಂದ ಅದೇ ಲೈನ್, ಒಬ್ಬ ಟೈಲರನ್ನು ಬೇರೆ ಮಷೀನಿಗೆ ಕೂರಿಸೋದಕ್ಕೂ ಮ್ಯಾನೇಜರ್ ಸಹಿ ಬೇಕು ಅಂತ ಹೋದವರು ಹೇಳಿದ್ದರು. ಕೊನೆಯಲ್ಲಿ ಒಂದು ಸಣ್ಣ ಸಾಲು: ಓಟಿ ದುಡ್ಡು ಎರಡು ತಿಂಗಳು ತಡ.

ಮೂರು ಗಂಟೆ, 100 ಅಂಕದ ಪೇಪರಿನಲ್ಲಿ 20 ಅಂಕಕ್ಕೆ ಸಿಗೋದು 36 ನಿಮಿಷ. ಮೊದಲ ಹತ್ತು ನಿಮಿಷ ಉತ್ತರ ಬರೆಯಲು ಶುರು ಮಾಡುವುದಿಲ್ಲ. ಪ್ರಶ್ನೆ ಮೊದಲು ಓದಿ, ಆಮೇಲೆ ಕೇಸ್ ಓದುತ್ತಾ ಪೆನ್ಸಿಲ್‌ನಿಂದ ಗೆರೆ ಎಳೆಯುತ್ತೇನೆ. ನಂತರ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆಯುತ್ತೇನೆ. "ಜನ ಬಿಟ್ಟು ಹೋಗುತ್ತಿದ್ದಾರೆ" ಅನ್ನೋದು ಬರೀ ಲಕ್ಷಣ. "ಅನುಭವ ಇರುವ ಸೂಪರ್‌ವೈಸರ್‌ಗಳಿಗೆ ನಿರ್ಧಾರದ ಅಧಿಕಾರವೂ ಇಲ್ಲ, ಮುಂದೆ ಬೆಳೆಯುವ ದಾರಿಯೂ ಇಲ್ಲ" ಅನ್ನೋದು ಸಮಸ್ಯೆ.

ಥಿಯರಿಗೆ ಎರಡೇ ಸಾಲು. ಸಂಬಳ, ಕೆಲಸದ ಜಾಗದ ಸೌಲಭ್ಯಗಳಂಥ ಹೈಜೀನ್ ಅಂಶಗಳು ಸರಿ ಇದ್ದರೆ ಅತೃಪ್ತಿ ಕಡಿಮೆಯಾಗುತ್ತದೆ. ಉತ್ಸಾಹ ಹುಟ್ಟಿಸುವ ಮೋಟಿವೇಟರ್‌ಗಳು ಜವಾಬ್ದಾರಿ, ಮನ್ನಣೆ, ಬೆಳವಣಿಗೆಯಂಥವು. ಅಲ್ಲಿಂದ ಮುಂದೆ ಪ್ರತಿ ವಾಕ್ಯ ಕೇಸಿನ ಒಂದು ಫ್ಯಾಕ್ಟ್‌ನಿಂದಲೇ ಶುರುವಾಗಬೇಕು. ಹೀಗೆ: "ಕ್ಯಾಂಟೀನ್ ಮತ್ತು 2,000 ರೂಪಾಯಿ ಎರಡೂ ಹೈಜೀನ್ ಅಂಶಗಳು, ಆದ್ದರಿಂದ ಅವಷ್ಟಕ್ಕೇ ಜನ ನಿಲ್ಲಲಿಲ್ಲ. ಟೈಲರನ್ನು ಬದಲಿಸಲೂ ಸಹಿ ಬೇಕು, ಅಂದರೆ ಜವಾಬ್ದಾರಿ ಎಂಬ ಮೋಟಿವೇಟರ್ ಇಲ್ಲ."

ಓಟಿ ಸಾಲನ್ನು ನಾನು ಮೊದಲ ಸಲ ಬಿಟ್ಟೇ ಬಿಟ್ಟಿದ್ದೆ. ನಾನು ಹೇಳಲು ಹೊರಟದ್ದಕ್ಕೆ ಅದು ಅಡ್ಡ ಬರುತ್ತಿತ್ತು, ಅಲ್ವಾ? ಆದರೆ ಹೈಜೀನ್ ಇನ್ನೂ ಪೂರ್ತಿ ಸರಿಯಾಗಿಲ್ಲ ಅಂತ ಹೇಳುವುದು ಅದೇ ಸಾಲು. ಸಲಹೆಗಳ ಕ್ರಮ ನಿಂತಿರುವುದೂ ಅದರ ಮೇಲೆ. ಮೊದಲು ಅಕೌಂಟ್ಸ್ ವಿಭಾಗ ಇದೇ ತಿಂಗಳ ಸಂಬಳದ ಜೊತೆ ಓಟಿ ಬಾಕಿ ಕೊಡಬೇಕು. ಆಮೇಲೆ ಎರಡು ಲೈನ್‌ಗಳಲ್ಲಿ ಮೂರು ತಿಂಗಳು, ಟೈಲರ್‌ಗಳನ್ನು ಬದಲಿಸುವ ಅಧಿಕಾರವನ್ನು ಸೂಪರ್‌ವೈಸರ್‌ಗೇ ಕೊಟ್ಟು ನೋಡಬೇಕು. "ಉದ್ಯೋಗಿಗಳನ್ನು ಪ್ರೋತ್ಸಾಹಿಸಬೇಕು" ಅಂತ ಸುಮ್ನೆ ಬರೆದರೆ ಯಾರು, ಯಾವಾಗ ಅನ್ನೋದೇ ಇರುವುದಿಲ್ಲ.

ಕೊನೆಗೆ ಒಂದು ಮಿತಿಯನ್ನೂ ಬರೆದೆ. ಕೇಸಿನಲ್ಲಿರುವುದು ಬಿಟ್ಟು ಹೋದ 12 ಜನರ ಮಾತು ಮಾತ್ರ. ಉಳಿದ 28 ಜನ ಯಾಕೆ ಉಳಿದರು ಅನ್ನೋದು ಅಲ್ಲಿಲ್ಲ, ಹಾಗಾಗಿ ಪ್ರಯೋಗ ಶುರು ಮಾಡುವ ಮೊದಲು ಅವರನ್ನೂ ಕೇಳಬೇಕು.